ಹಳದಿ ಕವರ್ ವಿಷಯ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಹೊಸ ಡಿಸೈನ್ ಮೂರು ದಿನದಿಂದ ನೋಡ್ತಾನೇ ಇದ್ದೇನೆ. ತುಂಬಾ ಚೆನ್ನಾಗಿದೆ. ಆದರೆ ನಮ್ಮ ಕಾಫಿಪುಡಿ ಕವರ್ ಪೂರ್ತಿ ಬದಲಾಗಬೇಕಾ, ತಿದ್ದಿದರೆ ಸಾಕಾ ಅನ್ನೋದನ್ನ ನನ್ನ ಇಷ್ಟ ನೋಡಿ ತೀರ್ಮಾನಿಸಬಾರದು ಅಲ್ವಾ? ಅದಕ್ಕೆ ಶನಿವಾರ ಬೆಳಗ್ಗೆ ಗಲ್ಲಾ ಮೇಲಿನ ಕವರ್‌ಗಳನ್ನೆಲ್ಲ ಒಳಗಿಟ್ಟೆ. ಪುಡಿಗೆ ಕಾಯುತ್ತಿದ್ದ 12 ಜನರಿಗೆ ಚೀಟಿ, ಪೆನ್ನು ಕೊಟ್ಟು, ನಮ್ಮ ಕವರ್ ಹೇಗಿದೆ ಅಂತ ನೆನಪಿನಿಂದ ಬರೆಯಿರಿ ಅಂದೆ.

11 ಜನ ಹಳದಿ ಅಂದರು. 8 ಜನ ಫಿಲ್ಟರ್ ಚಿತ್ರ ಬರೆದರು, ಒಬ್ಬರು ಅದರ ಮುಚ್ಚಳದ ಗುಬಟನ್ನೂ ಬಿಡಲಿಲ್ಲ. ಸುತ್ತಲಿನ ಬಳ್ಳಿ ಯಾರಿಗೂ ನೆನಪಿಲ್ಲ. ನಿನ್ನ ಡಿಸೈನ್‌ನಲ್ಲಿ ಹೋಗಿರೋದು ಆ ಹಳದಿ, ಆ ಫಿಲ್ಟರ್. ಗಿರಾಕಿ ನಮ್ಮನ್ನ ಗುರುತು ಹಿಡಿಯೋದು ಅವೆರಡರಿಂದಲೇ, ಮಗಳೇ.

ಆಮೇಲೆ ಹಳೇ ಕವರ್‌ಗಳನ್ನ ಸಾಲಾಗಿ ಇಟ್ಟು ನೋಡಿದೆ. ನಿನ್ನ ತಾತನ ಕಾಲದ ಹಳದಿ ಮಾಗಿದ ಬಾಳೆಹಣ್ಣಿನ ಹಾಗಿದೆ, ಈಗಿನದು ನಿಂಬೆಹಣ್ಣಿನ ಹಾಗೆ. ಮೂಲ ಫೈಲ್ ಯಾರ ಹತ್ತಿರವೂ ಇರಲಿಲ್ಲ. ಪ್ರೆಸ್ ಬದಲಾದಾಗಲೆಲ್ಲ ಹಿಂದಿನ ಕವರ್ ನೋಡಿಕೊಂಡೇ ಹೊಸದಾಗಿ ಬರೆದಿದ್ದಾರೆ. ಫಿಲ್ಟರ್ ದಪ್ಪಗಾಯಿತು. ತಾತ ಕೈಯಲ್ಲಿ ಬರೆಸಿದ ಅಕ್ಷರ ಹೋಗಿ ಕಂಪ್ಯೂಟರ್ ಅಕ್ಷರ ಬಂತು, ನಮ್ಮ ಹೆಸರಿನ ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತಿದೆ. ನಿನಗೆ ಕವರ್ ಹಳತಾಗಿದೆ ಅನ್ನಿಸಿದ್ದು ಇದರಿಂದಲೇ. ಡಿಸೈನ್ ಕೆಟ್ಟದ್ದಲ್ಲ, ನಕಲು ಮಾಡಿ ಮಾಡಿ ಸವೆದಿದೆ.

ಹೊಸಬರಿಗೆ ಈ ಕವರ್ ನೋಡಿದರೆ ಗೊತ್ತಾಗಲ್ಲ ಅಂತ ನೀನು ಹೇಳಿದ್ದರಲ್ಲೂ ನಿಜ ಇದೆ. ಹೊಸ ಅಪಾರ್ಟ್‌ಮೆಂಟಿನ ಹುಡುಗಿಯೊಬ್ಬಳು ನಮ್ಮ ಪ್ಯಾಕೆಟ್ ನೋಡಿ ಅರಿಶಿನದ ಪುಡಿ ಅಂದುಕೊಂಡಿದ್ದಳಂತೆ! ಅಂಥವರೇ ಜಾಸ್ತಿ ಇದ್ದಿದ್ದರೆ, ಅಥವಾ ನಾವು ಪುಡಿ ಬಿಟ್ಟು ಬೇರೇನೋ ಮಾರೋಕೆ ಹೊರಟಿದ್ದರೆ, ನಾನೂ ಪೂರ್ತಿ ಬದಲಾಯಿಸು ಅಂತಿದ್ದೆ. ಈಗ 'ಕಾಫಿ ಪುಡಿ' ಅನ್ನೋದನ್ನ ದೊಡ್ಡದು ಮಾಡಿ ನೋಡೋಣ. ಬಳ್ಳಿ ತೆಗೆ. ಫಿಲ್ಟರಿನ ಸಣ್ಣ ಗೆರೆಗಳನ್ನೂ ತೆಗೆ, ವಾಟ್ಸಾಪಿನ ಪುಟ್ಟ ವೃತ್ತದಲ್ಲಿ ಅದು ಬರೀ ಮಸಿ ಚುಕ್ಕೆ ಥರ ಕಾಣುತ್ತೆ. ಬಣ್ಣ ಮಾತ್ರ ಎರಡೇ ಇರಲಿ. ನಮ್ಮ ಪ್ಲಾಸ್ಟಿಕ್ ಕವರ್ ಪ್ರಿಂಟಿಂಗ್‌ಗೆ ಒಂದೊಂದು ಬಣ್ಣಕ್ಕೂ ಬೇರೆ ಅಚ್ಚಿನ ಸಿಲಿಂಡರ್ ಮಾಡಿಸಬೇಕು, ನಿನ್ನ ಐದು ಬಣ್ಣಕ್ಕೆ ಐದಾಗುತ್ತೆ.

ಅಂಗಡಿ ಬೋರ್ಡ್ ಹೇಗೂ ಬದಲಾಗಬೇಕು. ಕನ್ನಡದ ಕಾನೂನಿಗೆ ಬಂದ 2024ರ ತಿದ್ದುಪಡಿಯ ಪ್ರಕಾರ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ನಮ್ಮದರಲ್ಲಿ ಇಂಗ್ಲಿಷ್ ಮೇಲಿದೆ. ತಾತನ ಅಕ್ಷರಗಳನ್ನ ಅಲ್ಲಿಗೇ ಮೊದಲು ತರೋಣ.

ಅಜ್ಜಿಯ ಟ್ರಂಕಿನಲ್ಲಿ ಹಳೇ ಕವರ್ ಒಂದು ಮಡಿಕೆ ಬೀಳದ ಹಾಗೆ ಸಿಕ್ಕಿದೆ. ಪುಸ್ತಕದೊಳಗೆ ಇಟ್ಟಿದ್ದೇನೆ. ಭಾನುವಾರ ಬಂದು ಸ್ಕ್ಯಾನ್ ಮಾಡ್ಕೊ. ಫೋಟೋ ತೆಗೆದು ಕಳಿಸು ಅಂತ ಮಾತ್ರ ಹೇಳಬೇಡ, ಆ ಹಳದಿ ಫೋನಿನಲ್ಲಿ ಸರಿಯಾಗಿ ಬರ್ತಿಲ್ಲ.

ನಿನ್ನ
ಅಮ್ಮ