ಕಾಲ್ ಕಟ್ ಆದರೆ ತಿರುಗಿ ಮಾಡುವವರು ಯಾರು?

ಎಲ್ಲರಿಗೂ ನಮಸ್ಕಾರ. ಭಾನುವಾರದ ಕಾರ್ಯಕ್ರಮಕ್ಕಾಗಿ ಮುಂಬೈ–ಪುಣೆ ನಡುವೆ ಫೋನು ಜಾಸ್ತಿ ಓಡಾಡುತ್ತಿದೆ. ಅರ್ಧಕ್ಕೆ ಕಟ್ ಆದಾಗ ಇಬ್ಬರೂ ಒಟ್ಟಿಗೆ ಡಯಲ್ ಮಾಡಿದರೆ ಇಬ್ಬರಿಗೂ ಬ್ಯುಸಿ ಬರುತ್ತದೆ, ಅಲ್ವಾ? ಮೊದಲು ಕರೆ ಮಾಡಿದವರೇ ತಿರುಗಿ ಮಾಡಲಿ. ಇನ್ನೊಬ್ಬರು ಸುಮ್ನೆ ಕಾಯಲಿ.

ರೈಲಿನಲ್ಲಿದ್ದರೆ ಮಾತು ಬೇರೆ. ಕರ್ಜತ್ ದಾಟಿದ ಮೇಲೆ ಖಂಡಾಲಾ ಘಾಟಿಯಲ್ಲಿ ಸುರಂಗದ ಹಿಂದೆ ಸುರಂಗ. ಸಿಗ್ನಲ್ ಬಂದದ್ದು ರೈಲಿನಲ್ಲಿದ್ದವರಿಗೇ ಗೊತ್ತಾಗುವುದು. ಅವರೇ ಮಾಡಲಿ, ಅದೂ ಲೋಣಾವಳ ಬಂದ ಮೇಲೆ.

ಮತ್ತೆ ಸಿಕ್ಕಾಗ "ಎಲ್ಲಿದ್ವಿ?" ಅಂತ ಕೇಳಿದರೆ ಸಾಲದು. ಮಾತಾಡುತ್ತಿದ್ದವರಿಗೆ ಕಟ್ ಆದದ್ದು ತಕ್ಷಣ ತಿಳಿಯುವುದಿಲ್ಲ, ಎರಡು ವಾಕ್ಯ ಗಾಳಿಗೆ ಹೇಳಿರುತ್ತಾರೆ. ಕೇಳುತ್ತಿದ್ದವರೇ ಕೊನೆಗೆ ಕೇಳಿಸಿದ್ದನ್ನು ಹೇಳಬೇಕು: "ಅಕ್ಕಾ, 'ಹೋಳಿಗೆ 200' ಅನ್ನೋವರೆಗೆ ಕೇಳಿಸ್ತು." ಆಗ ಅಕ್ಕ, "ಅಯ್ಯೋ, 200 ಬೇಡ, 150 ಸಾಕು ಅಂದೆ" ಅನ್ನುತ್ತಾರೆ. ಇಲ್ಲದಿದ್ದರೆ ಆರ್ಡರ್ 200ಕ್ಕೇ ಹೋಗುತ್ತಿತ್ತು. ಸಂಖ್ಯೆ, ಸಮಯ, ವಿಳಾಸ ಇದ್ದರಂತೂ ಮೊದಲಿಂದ ಹೇಳಿಸಿಕೊಳ್ಳಿ.

ಎರಡು ಸಲ ಮಾಡಿದರೂ ಸಿಗದಿದ್ದರೆ ಉಳಿದದ್ದನ್ನು ಮೆಸೇಜ್ ಮಾಡಿ. ಮಾತು ಮುಗಿದಿದ್ದರೆ "ಮುಗೀತು, ಕಾಯಬೇಡಿ" ಅಂತಾದರೂ ಹಾಕಿ.