ಮೂರು ವರ್ಷಕ್ಕೂ ಸಮನಾಗಿ ಹಂಚಿದ ಬಡ್ಡಿ: ಲೀಸ್ ಲೆಕ್ಕ ತಿದ್ದಿಕೊಡಿ

ಚಿಕ್ಕಮಗಳೂರು
9 ಜೂನ್ 2025

ವ್ಯವಸ್ಥಾಪಕರಿಗೆ,
ಲೆಕ್ಕಪತ್ರ ಸೇವಾ ವಿಭಾಗ

ವಿಷಯ: ಫೈನಾನ್ಸ್ ಲೀಸ್ ಬಡ್ಡಿಯನ್ನು ತಪ್ಪಾಗಿ ಹಂಚಿರುವ ಬಗ್ಗೆ

ಮಾನ್ಯರೇ,

ಬೆಳೆಗಾರರಿಗೆ ಕಾಫಿ ಪಲ್ಪರ್‌ಗಳನ್ನು ಲೀಸ್‌ಗೆ ಕೊಡುವ ನಮ್ಮ ಸಂಸ್ಥೆಯ ಲೆಕ್ಕ ಬರೆಯುವವರು ನೀವು. 2024-25ರ ತಪ್ಪನ್ನು ಎರಡು ಸಲ ಫೋನಿನಲ್ಲಿ ಹೇಳಿದೆ. "ಒಟ್ಟು ಬಡ್ಡಿ ಅಷ್ಟೇ ಅಲ್ವಾ ಸಾರ್, ಯಾವ ವರ್ಷಕ್ಕೆ ಎಷ್ಟು ಹಾಕಿದರೇನು" ಅಂತ ನಿಮ್ಮವರು ಫೋನ್ ಇಟ್ಟರು. ಅದಕ್ಕೇ ಈ ಪತ್ರ.

ಒಂದು ಪಲ್ಪರ್ ನೋಡಿ. ಬೆಲೆ ₹3,31,000. 2024ರ ಏಪ್ರಿಲ್ 1ರಂದು ಆಲ್ದೂರಿನ ಬೆಳೆಗಾರರೊಬ್ಬರಿಗೆ ಕೊಟ್ಟೆವು. ಪ್ರತಿ ಮಾರ್ಚ್ 31ಕ್ಕೆ ₹1,33,100ರಂತೆ ಮೂರು ಕಂತು. ಕೊನೆಗೆ ಮಷೀನು ಅವರದ್ದೇ ಆಗುತ್ತದೆ. ಒಟ್ಟು ಬರುವುದು ₹3,99,300. ಬೆಲೆ ಕಳೆದರೆ ಉಳಿಯುವ ₹68,300 ನಾವಿನ್ನೂ ಗಳಿಸದ ಬಡ್ಡಿ, ಅಂದರೆ ಅನ್‌ಅರ್ನ್ಡ್ ಫೈನಾನ್ಸ್ ಇನ್‌ಕಮ್. ಇಲ್ಲಿವರೆಗೆ ನಿಮ್ಮ ಲೆಕ್ಕ ಸರಿಯಿದೆ.

ಆಮೇಲೆ ನೀವು ಅದನ್ನು ಸುಮ್ನೆ ಮೂರರಿಂದ ಭಾಗಿಸಿ ವರ್ಷಕ್ಕೆ ₹22,767 ಹಾಕಿದ್ದೀರಿ. ಹಾಗೆ ಹಂಚುವಂತಿಲ್ಲ. ಲೀಸ್‌ಗಳ ಲೆಕ್ಕಪತ್ರ ಮಾನದಂಡವಾದ ಎ.ಎಸ್. 19 ಪ್ರಕಾರ ಬಾಕಿ ಇರುವ ಹಣದ ಮೇಲೆ ಪ್ರತಿ ವರ್ಷ ಒಂದೇ ದರದ ಆದಾಯ ಬರಬೇಕು. ಮುಂದೆ ಬರುವ ಮೂರು ಕಂತಿಗೆ ಲೀಸ್ ಕೊಟ್ಟ ದಿನ ಇದ್ದ ಮೌಲ್ಯವನ್ನು ಮಷೀನಿನ ಬೆಲೆಗೆ ಸರಿದೂಗಿಸುವ ದರವೇ ಇಂಪ್ಲಿಸಿಟ್ ರೇಟ್. ಇಲ್ಲಿ ಅದು ಸರಿಯಾಗಿ 10%.

ಮೊದಲ ವರ್ಷ ₹3,31,000ಕ್ಕೆ ₹33,100 ಬಡ್ಡಿ. ಕಂತಿನಲ್ಲಿ ಉಳಿದ ಒಂದು ಲಕ್ಷ ಅಸಲಿಗೆ ಹೋಗಿ ಬಾಕಿ ₹2,31,000 ಆಗುತ್ತದೆ. ಎರಡನೇ ವರ್ಷ ಬಡ್ಡಿ ₹23,100, ಬಾಕಿ ₹1,21,000. ಮೂರನೇ ವರ್ಷ ₹12,100, ಬಾಕಿ ಸೊನ್ನೆ. ಮೂರೂ ಕೂಡಿದರೆ ಅದೇ ₹68,300.

ನಿಮ್ಮ ಹಾಳೆಯಲ್ಲಿ ಪ್ರತಿ ವರ್ಷದ ಬಡ್ಡಿಯನ್ನು ಆ ವರ್ಷದ ಆರಂಭದ ಬಾಕಿಯಿಂದ ಭಾಗಿಸಿ ನೋಡಿ. ಮೊದಲ ವರ್ಷ ಸುಮಾರು 6.9%, ಆಮೇಲೆ 10.3%, ಕೊನೆಗೆ 20.6% ಬರುತ್ತದೆ. ಒಂದೇ ಸಾಲಕ್ಕೆ ಮೂರು ದರವೇ? ಒಂದು ನಿಮಿಷದ ಈ ಪರೀಕ್ಷೆಯನ್ನು ಯಾರೂ ಮಾಡಲಿಲ್ಲವಲ್ಲ ಅನ್ನುವುದೇ ನನಗೆ ಬೇಜಾರು.

"ಯಾವ ವರ್ಷಕ್ಕೆ ಹಾಕಿದರೇನು" ಅಂದಿರಲ್ಲ, ಕೇಳಿ. ನನ್ನ ಭಾವ ಅರ್ಧ ಪಾಲಿನವರು. ಈ ಮಾರ್ಚ್ 31ಕ್ಕೆ ಪಾಲುದಾರಿಕೆ ಬಿಟ್ಟರು. ಇಂಥವೇ ನಾಲ್ಕು ಪಲ್ಪರ್ ಇವೆ. ಒಂದೊಂದರಲ್ಲೂ ಮೊದಲ ವರ್ಷದ ಆದಾಯ ₹10,333 ಕಮ್ಮಿ ತೋರಿಸಿದ್ದೀರಿ. ಒಟ್ಟು ₹41,332, ಅದರಲ್ಲಿ ಅವರಿಗೆ ಸೇರಬೇಕಿದ್ದದ್ದು ₹20,666. ಆ ಲಾಭ ಈಗ ಮೂರನೇ ವರ್ಷಕ್ಕೆ ಜಾರಿದೆ. ಆಗ ಅವರು ಇರುವುದೇ ಇಲ್ಲ. ನಿಮ್ಮ ಲೆಕ್ಕ ನಂಬಿ ನಾನೇ ಅವರ ಕೈಗೆ ಕಮ್ಮಿ ಚೆಕ್ ಕೊಟ್ಟೆ.

ನಾಲ್ಕೂ ಲೀಸ್‌ಗಳ ಬಡ್ಡಿ ಪಟ್ಟಿಯನ್ನು 10% ದರದಲ್ಲಿ ಹೊಸದಾಗಿ ಮಾಡಿ, 2024-25ರ ಲಾಭ-ನಷ್ಟ ಪಟ್ಟಿ, ಬ್ಯಾಲೆನ್ಸ್ ಶೀಟ್ ಮತ್ತು ಭಾವನವರ ಬಂಡವಾಳ ಖಾತೆಯನ್ನು ಜೂನ್ 24ರೊಳಗೆ ತಿದ್ದಿ ಕಳಿಸಿ. ಇದಕ್ಕೆ ಬೇರೆ ಶುಲ್ಕ ಕೊಡುವುದಿಲ್ಲ.

ಇಂತಿ,
ಪಾಲುದಾರ