ಗಾಡಿಗಿಂತ ಸಾಲದ ಲೆಕ್ಕ ನೋಡು

ಮಂಡ್ಯ
ಗುರುವಾರ ರಾತ್ರಿ

ಚಿ. ಕಿರಣನಿಗೆ ಮಾವನ ಆಶೀರ್ವಾದಗಳು.

ಹೊಸ ಸ್ಕೂಟರ್ ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ತಗೊಳ್ಳಲಾ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಲೆಕ್ಕ ಹೇಳಿದರೆ ನಿನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಕುವೆಂಪುನಗರದಿಂದ ಹೂಟಗಳ್ಳಿಗೆ ಹೋಗಿ ಬಂದು, ಸಂಜೆಯ ಸುತ್ತಾಟವೂ ಸೇರಿ ದಿನಕ್ಕೆ 30 ಕಿ.ಮೀ. ಅಂದುಕೊಳ್ಳೋಣ. ವರ್ಷಕ್ಕೆ 9,000, ಐದು ವರ್ಷಕ್ಕೆ 45,000 ಕಿ.ಮೀ. ಹೊಸದು ಲೀಟರಿಗೆ 50 ಕೊಟ್ಟರೆ, ಹಳೆಯದು 45 ಕೊಟ್ಟೀತು. ಪೆಟ್ರೋಲ್ 103 ರೂಪಾಯಿ ಅಂತ ಹಿಡಿದರೆ ಹೊಸದಕ್ಕೆ 92,700, ಹಳೆಯದಕ್ಕೆ 1,03,000. ಐದು ವರ್ಷ ಓಡಿಸಿದರೂ ವ್ಯತ್ಯಾಸ ಹತ್ತು ಸಾವಿರ ಚಿಲ್ಲರೆ ಅಷ್ಟೇ. ಮೈಲೇಜ್ ಮೈಲೇಜ್ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ದುಡ್ಡು ಹೋಗುವ ದಾರಿ ಬೇರೆ.

ಆ ದಾರಿ ನಿನ್ನ ಸಾಲ. ಆನ್‌ರೋಡ್ 1,10,000ದ ಗಾಡಿಗೆ 30,000 ಕಟ್ಟಿ, 80,000 ಸಾಲ ಮಾಡುತ್ತೇನೆ ಅಂದೆ. ಬಡ್ಡಿ 11 ಪರ್ಸೆಂಟ್ ಅಂತ ಶೋರೂಮಿನ ಹುಡುಗ ಹೇಳಿದನಲ್ಲ, ಅದು ಫ್ಲಾಟ್ ರೇಟ್. ಅಂದರೆ ನೀನು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ, ಕೊನೆಯ ಕಂತಿನವರೆಗೂ ಪೂರ್ತಿ 80,000ಕ್ಕೇ ಬಡ್ಡಿ ಹಾಕುತ್ತಾರೆ. ಮೂರು ವರ್ಷಕ್ಕೆ 26,400. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕಕ್ಕೆ ತಂದರೆ ಇದು ಸುಮಾರು 20 ಪರ್ಸೆಂಟ್! ಪತ್ತೆ ಹಚ್ಚುವುದು ಸುಲಭ. ತಿಂಗಳ ಕಂತು 2,956 ಅಂದರೆ 36ರಿಂದ ಗುಣಿಸಿ, ಸಾಲದ ಮೊತ್ತ ಕಳೆದು ನೋಡು.

ಈಗ ಎರಡನ್ನೂ ಪಕ್ಕ ಪಕ್ಕ ಇಡೋಣ. ಹೊಸದಕ್ಕೆ ಸರ್ವಿಸು, ಟೈರು, ಬೆಲ್ಟು ಎಲ್ಲಾ ಸೇರಿ ಐದು ವರ್ಷಕ್ಕೆ 20,000 ಇಡು. ಎರಡನೇ ವರ್ಷದಿಂದ ಇನ್ಶೂರೆನ್ಸಿಗೆ ಒಟ್ಟು 4,000. ಆಮೇಲೆ ಮಾರಿದರೆ 45,000 ಬರಬಹುದು. ಪೆಟ್ರೋಲ್, ಬಡ್ಡಿ ಸೇರಿಸಿದರೆ ಕೈಬಿಟ್ಟು ಹೋಗುವ ದುಡ್ಡು ಸುಮಾರು 2,08,000. ನೀನು ನೋಡಿರುವ ನಾಲ್ಕು ವರ್ಷದ ಗಾಡಿಗೆ 55,000, ಹೆಸರು ಬದಲಾವಣೆಗೆ 2,000, ಇನ್ಶೂರೆನ್ಸಿಗೆ 8,000. ರಿಪೇರಿಗೆ 38,000 ಬೇಕು, ಅದರಲ್ಲಿ ಎಂಟು ಸಾವಿರ ತಂದ ತಿಂಗಳೇ ಟೈರು, ಬ್ಯಾಟರಿ, ಬೆಲ್ಟಿಗೆ ಹೋಗುತ್ತದೆ. ಮಾರಿದರೆ 20,000. ಒಟ್ಟು 1,86,000.

ಅಂತರ 22,000. ಬಡ್ಡಿಯೊಂದೇ 26,400 ಅಲ್ವಾ? ಅಂದರೆ ಹೊಸ ಗಾಡಿ ದುಬಾರಿಯಲ್ಲ ಕಣೋ, ಆ ಸಾಲ ದುಬಾರಿ.

ನಿನ್ನ ಹತ್ತಿರ 65,000 ಇದೆ. ಅದಷ್ಟನ್ನೂ ಕಟ್ಟಿ 45,000 ಮಾತ್ರ ಸಾಲ ಮಾಡು, ಎರಡೇ ವರ್ಷಕ್ಕೆ. ಅದೇ ಫ್ಲಾಟ್ ರೇಟಿನಲ್ಲೂ ಬಡ್ಡಿ 9,900. ಕಂತು 2,288, ಅಂದರೆ ಮೊದಲಿನದಕ್ಕಿಂತ ಕಡಿಮೆ. ಆಗ ಹಳೆಯದಕ್ಕೂ ಹೊಸದಕ್ಕೂ ಐದು ವರ್ಷದಲ್ಲಿ ಐದಾರು ಸಾವಿರದ ವ್ಯತ್ಯಾಸ. ಹಳೆಯದರ ಇಂಜಿನ್ ಒಂದು ಸಲ ಬಿಚ್ಚಿಸಿದರೆ ಅದೂ ಹೋಯಿತು. ಕೈ ಖಾಲಿಯಾಗುತ್ತದೆ ಅಂತೀಯಾ? ಹಳೆಯದು ತಗೊಂಡರೂ ಖಾಲಿಯೇ.

ಇನ್ಶೂರೆನ್ಸ್ ವಿಷಯ ನನಗೆ ಪೆಟ್ಟು ತಿಂದು ಗೊತ್ತಾಗಿದ್ದು. ಹಿಂದೆ ಒಂದು ಹಳೆ ಬೈಕ್ ತಗೊಂಡು, ಆರ್‌ಸಿ ನನ್ನ ಹೆಸರಿಗೆ ಆಯಿತು ಅಂತ ಸುಮ್ನೆ ಇದ್ದೆ. ಪಾಲಿಸಿ ಹಳೇ ಮಾಲೀಕನ ಹೆಸರಲ್ಲೇ ಇತ್ತು. ಮದ್ದೂರಿನ ಹತ್ತಿರ ಬಿದ್ದು ಫೋರ್ಕ್ ಬಾಗಿದಾಗ ಕಂಪನಿಯವರು ಒಂದು ಪೈಸೆ ಕೊಡಲಿಲ್ಲ. ಕೊಂಡ 14 ದಿನದೊಳಗೆ ಪಾಲಿಸಿಯ ಹೆಸರು ಬದಲಾಯಿಸಲು ಅರ್ಜಿ ಕೊಡಬೇಕಿತ್ತು. ಮಾರಿದವನ ನೋ ಕ್ಲೈಮ್ ಬೋನಸ್ಸೂ ನಿನಗೆ ಬರುವುದಿಲ್ಲ, ಅದು ಅವನದು.

ಹೊಸದರಲ್ಲೂ ಒಂದು ಮೋಸದ ಗುಂಡಿ ಇದೆ. 2018ರ ಸೆಪ್ಟೆಂಬರಿನಿಂದ ಹೊಸ ಗಾಡಿಗೆ ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗಾದ ಹಾನಿಯ ಇನ್ಶೂರೆನ್ಸ್, ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿಸುತ್ತಾರೆ. ನಮ್ಮದೇ ಗಾಡಿಯ ಹಾನಿ, ಕಳ್ಳತನಕ್ಕೆ ಇರುವುದು ಸಾಮಾನ್ಯವಾಗಿ ಒಂದೇ ವರ್ಷ. ಪೊಲೀಸರು ಹಿಡಿದಾಗ ಥರ್ಡ್ ಪಾರ್ಟಿ ಇದ್ದರೆ ಬಿಡುತ್ತಾರೆ, ಆದ್ದರಿಂದ ಎರಡನೇ ವರ್ಷ ನಮ್ಮ ಗಾಡಿಯದನ್ನು ಮತ್ತೆ ಮಾಡಿಸುವುದು ಯಾರಿಗೂ ನೆನಪಾಗುವುದಿಲ್ಲ. ಗಾಡಿ ಕಳುವಾದ ದಿನ ನೆನಪಾಗುತ್ತದೆ.

ನೀನು ನೋಡಿರುವ ಸರಸ್ವತೀಪುರಂನ ಆ ಹಳೆ ಸ್ಕೂಟರ್ 45,000ಕ್ಕೆ ಇಳಿದರೆ ಮಾತ್ರ ನನ್ನ ಮನಸ್ಸು ಒಪ್ಪುತ್ತದೆ. ಅದಕ್ಕೂ ಮೊದಲು ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ, ಸಾಲ ಕೊಟ್ಟವರ ಹೆಸರು ಇನ್ನೂ ಆರ್‌ಸಿಯಲ್ಲಿ ಇದೆಯಾ, ದಂಡ ಬಾಕಿ ಇದೆಯಾ ನೋಡು. ಸಾಲವಿದ್ದರೆ, ಅದು ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡ. ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಮಾರುವವನ ಸಹಿ ನಿನ್ನ ಎದುರೇ ಆಗಲಿ.

ಭಾನುವಾರ ಏಳೂವರೆಗೆ ನಾನೇ ಬರುತ್ತೇನೆ. ನಾವು ಹೋಗುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಈಗಲೇ ಹೇಳಿಡು. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಹಾಗಾದರೆ ಕಾಫಿ ಕುಡಿದು ಸೀದಾ ಶೋರೂಮಿಗೆ ಹೋಗೋಣ.

ನಿನ್ನ ಮಾವ